ಸದಾ ಊರೂರು ಸುತ್ತುವ ಅಣ್ಣನಿಗೆ ಏನು ಕೊಡೋದು: ವಸ್ತುವಾ, ಅನುಭವವಾ?

ಪ್ರಶ್ನೆ: ನನ್ನ ಅಣ್ಣ ಕೆಲಸದ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ಬೆಂಗಳೂರಿನ ಹೊರಗೇ ಇರುತ್ತಾನೆ. ಮುಂದಿನ ತಿಂಗಳು ಅವನ ಹುಟ್ಟುಹಬ್ಬ. ಏನಾದರೂ ವಸ್ತು ಕೊಡಲಾ, ಅಥವಾ ರೆಸಾರ್ಟ್, ನಾಟಕ, ಊಟ ಅಂತ ಅನುಭವದ ಉಡುಗೊರೆ ಕೊಡಲಾ?

ಉತ್ತರ: ಅನುಭವವನ್ನೇ ಕೊಡಿ. ಆದರೆ ದಿನ ಗೊತ್ತುಮಾಡುವ, ಬುಕ್ ಮಾಡುವ ಕೆಲಸ ನಿಮ್ಮ ಕೈಯಲ್ಲೇ ಇರಲಿ.

ನನ್ನ ತಂಗಿ ಆಡಿಟ್ ಕೆಲಸದವಳು. ಸೋಮವಾರ ಬೆಳಗ್ಗೆ ಹೊರಟರೆ ವಾಪಸ್ ಬರೋದು ಶುಕ್ರವಾರ ರಾತ್ರಿ. ಒಂದು ವರ್ಷ ಅವಳಿಗೆ ಸಕಲೇಶಪುರದ ಕಡೆಯ ಹೋಂಸ್ಟೇಯಲ್ಲಿ ಎರಡು ರಾತ್ರಿ ತಂಗುವ ವೋಚರ್ ಕೊಟ್ಟೆ. ಅವಧಿ ಆರು ತಿಂಗಳು. ವಾರಾಂತ್ಯಕ್ಕೆ ಅದು ನಡೆಯೋದಿಲ್ಲ ಅಂತ ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ಅವಳಿಗೆ ಬಿಡುವು ಇರೋದೇ ಶನಿವಾರ, ಭಾನುವಾರ! ವೋಚರ್ ಹಾಗೇ ಮುಗಿದುಹೋಯಿತು. ಆಮೇಲೆ ಅವಳು ಹೇಳಿದ ಮಾತು ಇನ್ನೂ ನೆನಪಿದೆ: "ಅಕ್ಕಾ, ರಜೆ ಸಿಕ್ಕಿದ್ದರೂ ಮತ್ತೆ ಬ್ಯಾಗ್ ಕಟ್ಟೋ ಮನಸ್ಸು ಇರಲಿಲ್ಲ ಕಣೇ."

ಹೋಟೆಲ್ ರೂಮು, ಬಫೆ ಊಟ, ಕ್ಯಾಬು ಇವೆಲ್ಲ ಹೀಗೆ ಊರೂರು ಸುತ್ತುವವರಿಗೆ ಕೆಲಸದ ಭಾಗ. ಅದನ್ನೇ ಉಡುಗೊರೆಯಾಗಿ ಕೊಟ್ಟರೆ ಇನ್ನೊಂದು ಟೂರ್ ಕೊಟ್ಟ ಹಾಗೆ. ಅವರಿಗೆ ತಪ್ಪಿಹೋಗೋದು ಸ್ವಂತ ಊರಿನ ಸಂಜೆಗಳು. ಹಳೇ ಗೆಳೆಯರ ಜೊತೆ ಶಟಲ್ ಆಡೋದು, ಒಂದು ನಾಟಕ, ಗಾಂಧಿಬಜಾರಿನಲ್ಲಿ ನಿಧಾನಕ್ಕೆ ಒಂದು ದೋಸೆ. ಹಾಗಾಗಿ ಅಣ್ಣ ಈಚೆಗೆ ಏನನ್ನು "ಆಗ್ತಾನೇ ಇಲ್ಲ" ಅಂತ ಹೇಳಿದ, ನೆನಪು ಮಾಡಿಕೊಳ್ಳಿ. ಉಡುಗೊರೆ ಅಲ್ಲೇ ಸಿಗುತ್ತದೆ.

ಮರುವರ್ಷ ತಂಗಿಗೆ ಒಂದು ಚೀಟಿ ಬರೆದುಕೊಟ್ಟೆ: "ಇನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದು ಶನಿವಾರ, ರಂಗಶಂಕರದಲ್ಲಿ ನಾಟಕ. ಟಿಕೆಟ್ ನನ್ನದು." ಮುಂದಿನ ವಾರ ಎಲ್ಲಿಗೆ ಹೋಗಬೇಕು ಅಂತ ಅವಳಿಗೆ ಬುಧವಾರದ ಹೊತ್ತಿಗೆ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಬುಧವಾರ ನಾನೇ ಫೋನ್ ಮಾಡಿ ಕೇಳುತ್ತಿದ್ದೆ. ಎರಡು ಸಲ ಆಗಲಿಲ್ಲ. ಟಿಕೆಟ್ ತೆಗೆದಿರಲಿಲ್ಲವಾದ್ದರಿಂದ ದುಡ್ಡೂ ಹೋಗಲಿಲ್ಲ, ಅವಳಿಗೆ ಬೇಜಾರೂ ಆಗಲಿಲ್ಲ. ಮೂರನೇ ವಾರ ಹೋದೆವು. ಶುಕ್ರವಾರ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ವಿಮಾನ ಸ್ವಲ್ಪ ತಡವಾದರೂ ದೇವನಹಳ್ಳಿಯಿಂದ ಜೆ.ಪಿ. ನಗರಕ್ಕೆ ಸಂಜೆ ಟ್ರಾಫಿಕ್‌ನಲ್ಲಿ ಬಂದು ಮುಟ್ಟೋದು ಕಷ್ಟ, ಮತ್ತು ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡೋದಿಲ್ಲ.

"ಎರಡು ತಿಂಗಳು" ಅನ್ನೋ ಗಡುವು ಮುಖ್ಯ. "ಯಾವಾಗಾದರೂ ಹೋಗೋಣ" ಅಂದರೆ ಅದು ಯಾವತ್ತೂ ಆಗೋದಿಲ್ಲ. ವೋಚರನ್ನೇ ಕೊಡುವುದಾದರೆ, ಶನಿವಾರ, ಭಾನುವಾರ ನಡೆಯುತ್ತದಾ, ಅವಧಿ ಯಾವ ದಿನದಿಂದ ಲೆಕ್ಕ, ಒಮ್ಮೆ ಬುಕ್ ಮಾಡಿದ ದಿನ ಬದಲಿಸಬಹುದಾ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ.

ಜೊತೆಗೆ ನೀವು ಹೋಗಲೇಬೇಕು ಅಂತೇನೂ ಇಲ್ಲ. ಸಿಂಡಿ ಚಾನ್ ಮತ್ತು ಕ್ಯಾಸಿ ಮೊಗಿಲ್ನರ್ ಎಂಬ ಸಂಶೋಧಕಿಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುವಿಗಿಂತ ಅನುಭವದ ಉಡುಗೊರೆ ಪಡೆದವರಿಗೆ ಕೊಟ್ಟವರ ಮೇಲಿನ ಆತ್ಮೀಯತೆ ಜಾಸ್ತಿ ಆಗಿತ್ತು. ಕೊಟ್ಟವರು ಜೊತೆಯಲ್ಲಿ ಇಲ್ಲದಿದ್ದಾಗಲೂ ಹಾಗೇ ಕಂಡಿತು. ಅಣ್ಣ ಗೆಳೆಯರ ಜೊತೆ ಆಡಲಿ ಅಂತ ನೀವು ಕೋರ್ಟ್ ಬುಕ್ ಮಾಡಿಕೊಟ್ಟರೂ ಅದು ನಿಮ್ಮ ಉಡುಗೊರೆಯೇ.

ವಸ್ತುವೇ ಕೊಡಬೇಕು ಅನ್ನಿಸಿದರೆ ಅವನ ಬ್ಯಾಗಿನ ಲೆಕ್ಕ ಹಾಕಿ. ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆ.ಜಿ. ಮಿತಿ. ಖಾಲಿ ಟ್ರಾಲಿಯೇ ಎರಡೂವರೆ ಕೆ.ಜಿ. ತೂಗಬಹುದು. ಲ್ಯಾಪ್‌ಟಾಪ್, ಚಾರ್ಜರ್ ಸೇರಿ ಇನ್ನೆರಡು. ಉಳಿದ ಎರಡೂವರೆಯಲ್ಲಿ ಬಟ್ಟೆ, ಚಪ್ಪಲಿ, ಎಲ್ಲ. ಅರ್ಧ ಕೆ.ಜಿ.ಯ ಚಂದದ ವಸ್ತು ಕೊಟ್ಟರೆ ಅದು ಮನೆಯ ಕಪಾಟಿನಲ್ಲೇ ಉಳಿಯುತ್ತದೆ. ಬ್ಯಾಗಿಗೆ ಹೊಸದಾಗಿ ಸೇರುವ ವಸ್ತುವಿಗಿಂತ, ಇರುವ ಎರಡನ್ನು ತೆಗೆಸಿ ಆ ಜಾಗಕ್ಕೆ ಬರುವ ಒಂದು ವಸ್ತು ಒಳ್ಳೆಯದು. ಲ್ಯಾಪ್‌ಟಾಪಿಗೂ ಫೋನಿಗೂ ಒಂದೇ ಸಾಕಾಗುವ 65 ವ್ಯಾಟ್ ಚಾರ್ಜರ್ ಅಂಥದ್ದು. ಅವನ ಲ್ಯಾಪ್‌ಟಾಪ್ ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತದಾ, ಎಷ್ಟು ವ್ಯಾಟ್ ಬೇಕು ಅಂತ ಮೊದಲು ನೋಡಿಕೊಳ್ಳಿ. ಎಣ್ಣೆ ಉಪ್ಪಿನಕಾಯಿ ಬೇಡ, ಸೆಕ್ಯುರಿಟಿಯಲ್ಲಿ ತೆಗೆಸಿಬಿಡಬಹುದು. ಕೋಡುಬಳೆ, ನಿಪ್ಪಟ್ಟಿಗೆ ಆ ತೊಂದರೆ ಇಲ್ಲ.

ಗಿಡ ಮಾತ್ರ ಕೊಡಬೇಡಿ. ಬೀಗ ಹಾಕಿದ ಮನೆಯಲ್ಲಿ ಅದಕ್ಕೆ ನೀರು ಹಾಕೋರು ಯಾರು?

ಹುಟ್ಟುಹಬ್ಬದ ದಿನ ಅಣ್ಣ ಬೇರೆ ಊರಿನಲ್ಲೇ ಇರಬಹುದು. ಆ ದಿನ ಕೊರಿಯರ್ ಕಳಿಸಬೇಡಿ. ಚೀಟಿಯ ಫೋಟೊ ತೆಗೆದು ಬೆಳಗ್ಗೆಯೇ ಕಳಿಸಿ, ಆಮೇಲೆ ಬುಧವಾರ ಫೋನ್ ಮಾಡಿ.