ಕಬ್ಬಿನ ಟ್ರ್ಯಾಕ್ಟರ್ ಓಡಿದ್ದು ಎಷ್ಟು ಕಿಲೋಮೀಟರ್?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಮಹಾಲಿಂಗಪುರ, ಜಮಖಂಡಿ ಸುತ್ತಿನ ರಸ್ತೆಗಳು ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳಿಂದ ತುಂಬಿಹೋಗುತ್ತವೆ. ಸಾಗಾಣಿಕೆಯ ಬಾಡಿಗೆಯನ್ನು ಅಂತರ ನೋಡಿ ಕೊಡುವಲ್ಲಿ, ಹೊಲದಿಂದ ಕಾರ್ಖಾನೆಗೆ ಎಷ್ಟು ಕಿಲೋಮೀಟರ್ ಎಂಬುದು ಹಣದ ಪ್ರಶ್ನೆ. ವಾಹನಕ್ಕೆ ಜಿಪಿಎಸ್ ಕೂಡಿಸಿದರೆ ತಕರಾರು ಮುಗಿಯಿತೆಂದು ನಂಬಿದವರು ಬಹಳ. ‘ಸ್ಯಾಟಲೈಟ್ ಸುಳ್ಳ ಹೇಳತೈತೇನ್ರೀ?’ ಎಂದೇ ಕೇಳುತ್ತಾರೆ. ಉಪಗ್ರಹ ಸುಳ್ಳು ಹೇಳುವುದಿಲ್ಲ, ನಿಜ. ಏಕೆಂದರೆ ಅದು ನಮ್ಮ ಟ್ರ್ಯಾಕ್ಟರಿನ ಬಗ್ಗೆ ಏನನ್ನೂ ಹೇಳುವುದೇ ಇಲ್ಲ. ತಾನು ಎಲ್ಲಿದ್ದೇನೆ, ಈಗ ಸಮಯವೆಷ್ಟು ಎಂಬುದನ್ನಷ್ಟೇ ಅದು ಬಿತ್ತರಿಸುತ್ತದೆ. ವಾಹನದ ಜಾಗವನ್ನು ಲೆಕ್ಕ ಹಾಕುವುದು ವಾಹನದಲ್ಲಿರುವ ರಿಸೀವರ್. ಬಯಲಿನಲ್ಲಿಯೂ ಆ ಲೆಕ್ಕ ಕೆಲವು ಮೀಟರ್ ಆಚೀಚೆಯಾಗುತ್ತದೆ. ಓಡಿದ ದೂರವೆಂದು ಪರದೆಯ ಮೇಲೆ ಕಾಣುವ ಅಂಕಿಯಂತೂ ಅನೇಕ ಸಲ ಹೀಗೆ ಅಲುಗಾಡಿದ ಬಿಂದುಗಳನ್ನು ಒಂದಕ್ಕೊಂದು ಗೆರೆ ಎಳೆದು ಜೋಡಿಸಿ ಕೂಡಿಸಿದ ಮೊತ್ತ.

ದೋಷ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳುವುದರಿಂದ ಕೊನೆಗೆ ಸರಿದೂಗುತ್ತದೆ ಎಂಬ ವಾದ ಓದಿಕೊಂಡವರಿಂದಲೂ ಬರುತ್ತದೆ. ಜಾಗದ ಸರಾಸರಿಗೆ ಅದು ಸರಿ, ಉದ್ದಕ್ಕೆ ಸರಿಯಲ್ಲ. ನೇರ ದಾರಿಯಿಂದ ಗೆರೆ ಎಡಕ್ಕೆ ವಾಲಿದರೂ ಉದ್ದವಾಗುತ್ತದೆ, ಬಲಕ್ಕೆ ವಾಲಿದರೂ ಉದ್ದವಾಗುತ್ತದೆ. ಗಿಡ್ಡವಾಗಿಸುವ ಮೂರನೆಯ ಪಕ್ಕವೇ ಇಲ್ಲ. ಪ್ರತಿ ದಿಕ್ಕಿನಲ್ಲೂ ದೋಷ 3 ಮೀಟರಿನಷ್ಟಿದ್ದು, ಒಂದು ಬಿಂದುವಿನ ದೋಷಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲವೆಂದುಕೊಂಡರೆ, ಪ್ರತಿ ಹೆಜ್ಜೆಗೆ ಸೇರುವ ಹುಸಿ ಉದ್ದವು ದೋಷದ ವರ್ಗವನ್ನು ಹೆಜ್ಜೆಯ ಉದ್ದದಿಂದ ಭಾಗಿಸಿದಷ್ಟು ಬರುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಲಾರಿ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಸೆಕೆಂಡಿಗೊಂದು ಬಿಂದು ದಾಖಲಿಸಿದರೆ ಪ್ರತಿ 10 ಮೀಟರಿಗೆ 9 ಭಾಗಿಸು 10, ಅಂದರೆ 0.9 ಮೀಟರ್ ಹೆಚ್ಚುತ್ತದೆ; ಹತ್ತು ಸೆಕೆಂಡಿಗೊಮ್ಮೆ ದಾಖಲಿಸಿದರೆ 100 ಮೀಟರಿಗೆ 0.09 ಮಾತ್ರ. ಬಿಂದುಗಳು ಒತ್ತೊತ್ತಾಗಿದ್ದಷ್ಟೂ ಅಳತೆ ನಿಖರ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ವಾಸ್ತವದಲ್ಲಿ ಒಂದು ಸೆಕೆಂಡಿನ ದೋಷ ಮುಂದಿನ ಸೆಕೆಂಡಿಗೂ ಬಹುಪಾಲು ಉಳಿದಿರುವುದರಿಂದ ಹೆಚ್ಚಳ ಇಷ್ಟಿರುವುದಿಲ್ಲ, ಆದರೆ ಹೆಚ್ಚಳವಂತೂ ಇರುತ್ತದೆ.

ಇದರ ಪರಾಕಾಷ್ಠೆ ಕಾಣುವುದು ಕಾರ್ಖಾನೆಯ ಮುಂದೆ, ತೂಕಕ್ಕಾಗಿ ಸಾಲಿನಲ್ಲಿ ನಿಂತ ಟ್ರ್ಯಾಕ್ಟರಿನಲ್ಲಿ. ನಿಂತ ವಾಹನದ ಎರಡು ಬಿಂದುಗಳ ನಡುವೆ ಅದೇ ದೋಷದಿಂದ ಸರಾಸರಿ 5.3 ಮೀಟರ್ ಅಂತರ ಹುಟ್ಟುತ್ತದೆ. ಹತ್ತು ಸೆಕೆಂಡಿಗೊಂದರಂತೆ ಗಂಟೆಗೆ 360 ಬಿಂದುಗಳಾದರೆ, ಗಾಲಿ ಉರುಳದೆಯೇ 1.9 ಕಿಲೋಮೀಟರ್ ಓಡಿದಂತಾಯಿತು. ಆದ್ದರಿಂದ ಮೊದಲ ಕೆಲಸ, ಹಿಂದಿನ ಬಿಂದುವಿಗೆ ತೀರ ಹತ್ತಿರ, ಅಂದರೆ ದೋಷದ ಎರಡು ಪಟ್ಟಿಗಿಂತ ಕಡಿಮೆ ದೂರದಲ್ಲಿರುವ ಬಿಂದುಗಳನ್ನು ತೆಗೆದುಹಾಕುವುದು. ಇದನ್ನು ಬಿಟ್ಟು ನೇರವಾಗಿ ರಸ್ತೆಗೆ ಜೋಡಿಸಹೊರಟರೆ, ನಿಂತ ವಾಹನ ರಸ್ತೆಯುದ್ದಕ್ಕೂ ಹಿಂದೆ ಮುಂದೆ ತಿರುಗಾಡಿದಂತೆ ಕಾಣುತ್ತದೆ.

ಆಮೇಲೆ ಉಳಿದ ಬಿಂದುಗಳನ್ನು ನಕ್ಷೆಯ ರಸ್ತೆಗೆ ಹೊಂದಿಸಿ, ಉದ್ದವನ್ನು ರಸ್ತೆಯ ಮೇಲೆಯೇ ಅಳೆಯಬೇಕು. ಪ್ರತಿ ಬಿಂದುವನ್ನೂ ಅದಕ್ಕೆ ಅತಿ ಹತ್ತಿರದ ರಸ್ತೆಗೆ ತಳ್ಳುವುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಘಟಪ್ರಭಾ ಕಾಲುವೆಯ ಸೀಮೆಯಲ್ಲಿ ಅದು ಹೇಗೆ ಮುಗ್ಗರಿಸಬಹುದೆಂದು ಒಂದು ಕಲ್ಪಿತ ಪ್ರಸಂಗದಲ್ಲಿ ನೋಡೋಣ. ಡಾಂಬರು ರಸ್ತೆಗೆ ಸಮಾನಾಂತರವಾಗಿ, ಕಿರುಗಾಲುವೆಯ ಆಚೆ ದಂಡೆಯ ಮೇಲೆ, 14 ಮೀಟರ್ ದೂರದಲ್ಲಿ ಒಂದು ಮಣ್ಣಿನ ದಾರಿ ಇದೆ. ಎರಡನ್ನೂ ಕೂಡಿಸುವ ಸೇತುವೆಗಳು ಸರಿಯಾಗಿ ಒಂದು ಕಿಲೋಮೀಟರ್ ಅಂತರದಲ್ಲಿವೆ. ಟ್ರ್ಯಾಕ್ಟರ್ ಡಾಂಬರು ರಸ್ತೆಯ ಮೇಲೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ, ಅಂದರೆ ಹತ್ತು ಸೆಕೆಂಡಿಗೆ 50 ಮೀಟರ್ ಸಾಗುತ್ತಿದೆ. ಮೊದಲ ಸೇತುವೆಯಿಂದ 600, 650 ಮತ್ತು 700 ಮೀಟರ್ ದೂರದಲ್ಲಿ ಮೂರು ಬಿಂದುಗಳು ಬಿದ್ದಿವೆ. ಮೊದಲನೆಯದು ಕಾಲುವೆಯ ಕಡೆಗೆ 4 ಮೀಟರ್ ಸರಿದಿದೆ, ಎರಡನೆಯದು 9, ಮೂರನೆಯದು 3. ನಡುವಿನದು ಡಾಂಬರಿಗೆ 9 ಮೀಟರ್ ದೂರವಾದರೆ ಮಣ್ಣಿನ ದಾರಿಗೆ 5 ಮೀಟರ್ ಮಾತ್ರ. ಹತ್ತಿರದ ರಸ್ತೆಯೇ ಸರಿ ಎಂಬ ನಿಯಮ ಅದನ್ನು ಕಾಲುವೆಯ ಆಚೆಗೆ ದಾಟಿಸಿಬಿಡುತ್ತದೆ.

ಈಗ ಉದ್ದ ಅಳೆಯಿರಿ. 600ರಿಂದ ಮುಂದಿನ ಸೇತುವೆಗೆ 400 ಮೀಟರ್, ದಾಟಲು 14, ಅಲ್ಲಿಂದ ಹಿಂದಕ್ಕೆ 650ರ ತನಕ 350, ಒಟ್ಟು 764. ಮತ್ತೆ ಡಾಂಬರಿಗೆ ಮರಳಲು 350, 14 ಮತ್ತು 300 ಸೇರಿ 664. ನಿಜವಾಗಿ 100 ಮೀಟರ್ ಸಾಗಿದ ಟ್ರ್ಯಾಕ್ಟರಿನ ಲೆಕ್ಕಕ್ಕೆ 1,428 ಮೀಟರ್ ಬಿದ್ದಿತು. ಒಂದೇ ಒಂದು ಬಿಂದು, ಅದೂ 9 ಮೀಟರಿನ ಸಾಧಾರಣ ದೋಷ, 1.3 ಕಿಲೋಮೀಟರ್ ಬಾಡಿಗೆಯನ್ನು ಸೃಷ್ಟಿಸಿತು.

ಪರಿಹಾರ, ಬಿಂದುವನ್ನು ಒಂಟಿಯಾಗಿ ನೋಡದಿರುವುದು. ಬಾದಾಮಿ ಸೀಮೆಯ ಶಾಸನ ಓದುವವರು ಸವೆದ ಅಕ್ಷರವನ್ನು ಅದರ ಆಕಾರದಿಂದಷ್ಟೇ ನಿರ್ಣಯಿಸದೆ, ಅಕ್ಕಪಕ್ಕದ ಅಕ್ಷರಗಳೊಡನೆ ಯಾವುದು ಪದವಾಗಿ ನಿಲ್ಲುತ್ತದೆಂದು ನೋಡುತ್ತಾರಲ್ಲ, ಅದೇ ಬಗೆ. ಪಾಲ್ ನ್ಯೂಸನ್ ಮತ್ತು ಜಾನ್ ಕ್ರಮ್ 2009ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ಬಿಂದುವಿಗೂ ಸುತ್ತಲಿನ ಹಲವು ರಸ್ತೆಗಳನ್ನು ಅಭ್ಯರ್ಥಿಗಳಾಗಿ ಇಟ್ಟುಕೊಂಡು, ಎರಡು ಬಗೆಯ ದಂಡ ಹಾಕುತ್ತಾರೆ. ಬಿಂದು ರಸ್ತೆಯಿಂದ ದೂರವಿದ್ದಷ್ಟೂ ಒಂದು ದಂಡ. ರಸ್ತೆಯ ಮೇಲಿನ ದೂರವು ಎರಡು ಬಿಂದುಗಳ ನಡುವಿನ ನೇರ ದೂರಕ್ಕಿಂತ ಬೇರೆಯಾದಷ್ಟೂ ಇನ್ನೊಂದು ದಂಡ.

`d²/(2σ²) + |ರಸ್ತೆದೂರ − ನೇರದೂರ|/β`

ಇಲ್ಲಿ d ಬಿಂದುವಿನಿಂದ ರಸ್ತೆಗಿರುವ ದೂರ, σ ಜಿಪಿಎಸ್ ದೋಷದ ಅಳತೆ. β ಸುತ್ತು ದಾರಿಯನ್ನು ಎಷ್ಟು ಸಹಿಸಬೇಕೆಂಬುದರ ಅಳತೆ. σ 5 ಮೀಟರ್, β 10 ಮೀಟರ್ ಎಂದು ಇಟ್ಟರೆ, ನಮ್ಮ ನಡುವಿನ ಬಿಂದುವಿಗೆ ಡಾಂಬರು ರಸ್ತೆಯ ದಂಡ 81 ಭಾಗಿಸು 50, ಅಂದರೆ 1.62, ಮಣ್ಣಿನ ದಾರಿಯದು 0.5. ಇಷ್ಟರಲ್ಲಿ ಮಣ್ಣಿನ ದಾರಿಯೇ ಗೆದ್ದಿತು. ಆದರೆ ಎರಡನೆಯ ದಂಡದಲ್ಲಿ, ಸುಮಾರು 50 ಮೀಟರಿನ ನೇರ ದೂರಕ್ಕೆ 764 ಮತ್ತು 664 ಮೀಟರ್ ಸುತ್ತಿದ್ದಕ್ಕಾಗಿ ಅದಕ್ಕೆ 71 ಮತ್ತು 61 ಬೀಳುತ್ತವೆ, ಡಾಂಬರಿಗೆ ಹೆಚ್ಚುಕಡಿಮೆ ಸೊನ್ನೆ. ಹೀಗೆ ಇಡೀ ಪ್ರಯಾಣದ ಒಟ್ಟು ದಂಡ ಯಾವ ಸಾಲಿಗೆ ಅತಿ ಕಡಿಮೆಯೋ ಅದನ್ನು ಆರಿಸಲು, ಆಂಡ್ರ್ಯೂ ವಿಟರ್ಬಿ 1967ರಲ್ಲಿ ಸಂಕೇತಗಳ ದೋಷ ತಿದ್ದಲೆಂದು ಪ್ರಕಟಿಸಿದ ಕ್ರಮವೇ ಸಾಕಾಗುತ್ತದೆ.

ನಕ್ಷೆಯಿಂದ ಜಾಗ ತಿದ್ದಿಕೊಳ್ಳುವ ಈ ಯೋಚನೆ ವಾಹನಗಳಲ್ಲಿ ಜಿಪಿಎಸ್‌ಗಿಂತ ಹಳೆಯದು. 1985ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈಟ್ಯಾಕ್ ನ್ಯಾವಿಗೇಟರ್ ಉಪಗ್ರಹವನ್ನು ಬಳಸುತ್ತಲೇ ಇರಲಿಲ್ಲ. ಗಾಲಿಯ ತಿರುಗುವಿಕೆ ಮತ್ತು ದಿಕ್ಸೂಚಿಯಿಂದ ದಾರಿ ಊಹಿಸಿ, ಕ್ಯಾಸೆಟ್ಟಿನಲ್ಲಿದ್ದ ನಕ್ಷೆಗೆ ಹೊಂದಿಸಿ, ಕೂಡುತ್ತ ಹೋದ ದೋಷವನ್ನು ತೊಡೆದುಹಾಕುತ್ತಿತ್ತು.

ಈ ವಿಧಾನಕ್ಕೂ ಮಿತಿಗಳಿವೆ. ಬೆಳಗಾವಿಯ ಪಕ್ಕದ ರಾಷ್ಟ್ರೀಯ ಹೆದ್ದಾರಿಯಂಥಲ್ಲಿ ಹೆದ್ದಾರಿಯೋ ಸರ್ವಿಸ್ ರಸ್ತೆಯೋ ಎಂಬುದು ಬಿಂದುಗಳಿಂದ ತಿಳಿಯದಿರಬಹುದು. ಉದ್ದ ಹೆಚ್ಚುಕಡಿಮೆ ಒಂದೇ ಆದ್ದರಿಂದ ನಾನು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ತೊಂದರೆ ಇರುವುದು ನಕ್ಷೆಯಲ್ಲೇ ಇಲ್ಲದ ಹೊಲದ ಬಂಡಿದಾರಿಯಲ್ಲಿ. ಅಲ್ಲಿ ಸರಿಯಾದ ಅಭ್ಯರ್ಥಿಯೇ ಇಲ್ಲದಿರುವುದರಿಂದ, ಲೆಕ್ಕವು ಟ್ರ್ಯಾಕ್ಟರನ್ನು ದೂರದ ಯಾವುದೋ ರಸ್ತೆಯ ಮೇಲೆ ಬಲವಂತವಾಗಿ ಓಡಿಸುತ್ತದೆ. ಸಾಲಾಗಿ ಹತ್ತಾರು ಬಿಂದುಗಳು ತಮಗೆ ಹೊಂದಿಸಿದ ರಸ್ತೆಯಿಂದ ಒಂದೇ ಪಕ್ಕಕ್ಕೆ 30–40 ಮೀಟರ್ ದೂರ ಉಳಿದಿದ್ದರೆ, ಅದು ಜಿಪಿಎಸ್ ದೋಷವಲ್ಲ, ನಕ್ಷೆಯ ಕೊರತೆ ಎಂದು ಶಂಕಿಸಬೇಕು. ಜಿಪಿಎಸ್ ದೋಷ ಬಯಲಿನಲ್ಲಿ ಅಷ್ಟು ದೊಡ್ಡದಾಗಿ ಅಷ್ಟು ಹೊತ್ತು ಒಂದೇ ಕಡೆಗೆ ನಿಲ್ಲುವುದು ಅಪರೂಪ. ಅಂಥ ಭಾಗವನ್ನು ಜೋಡಣೆಯಿಂದ ಹೊರಗಿಟ್ಟು, ಹತ್ತು ಸೆಕೆಂಡಿನ ಬಿಂದುಗಳನ್ನೇ ನೇರ ಗೆರೆಯಿಂದ ಕೂಡಿಸಿ, ‘ನಕ್ಷೆಯ ಹೊರಗೆ’ ಎಂದು ಬೇರೆ ಅಂಕಣದಲ್ಲಿ ಬರೆಯುವುದು ಲೇಸು. ಹಾಗೆ ಬರೆದಿಟ್ಟರೆ ಚಾಲಕ ತಕರಾರು ಎತ್ತಿದಾಗ ಯಾವ ತುಂಡನ್ನು ಹೋಗಿ ನೋಡಬೇಕೆಂಬುದು ಲೆಕ್ಕದಲ್ಲೇ ಸಿಗುತ್ತದೆ.