ಓಬಿಸಿ ಸರ್ಟಿಫಿಕೇಟ್ ಅಂದರೆ ಯಾವುದು?

ಪಿಯುಸಿ ಮಕ್ಕಳ ತಂದೆತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಮತ್ತೆ ಅದೇ ಸಾಲು ಬಂತು: "ಓಬಿಸಿ ಸರ್ಟಿಫಿಕೇಟ್ ಐದು ವರ್ಷ ನಡೀತದ, ಹೊಸಾದು ಬೇಕಾಗಿಲ್ಲ." ಹುಬ್ಬಳ್ಳಿ, ಗದಗ, ಹಾವೇರಿ, ಎಲ್ಲಿ ಹೋದರೂ ಈ ಮಾತು ಓಡಾಡುತ್ತಲೇ ಇರುತ್ತದೆ. ಇದನ್ನು ನಂಬಿದ ಮಕ್ಕಳು ಪ್ರತಿ ಜೂನ್‌ನಲ್ಲಿ ಸೀಟು ಕಳೆದುಕೊಳ್ಳುತ್ತಾರೆ. ಐದು ವರ್ಷ ನಡೆಯುವ ಪತ್ರ ಇರುವುದು ನಿಜ. ಆದರೆ ಅದು ಓಬಿಸಿ ಪತ್ರ ಅಲ್ಲ.

ನಮ್ಮ ನಾಡಕಚೇರಿ ಕೊಡುವ ಆ ಪತ್ರದ ಹೆಸರು ನಮೂನೆ-ಎಫ್. 2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ ಜಾತಿ ಮತ್ತು ಆದಾಯ ಎರಡನ್ನೂ ಒಂದೇ ಹಾಳೆಯಲ್ಲಿ ಹೇಳುವ ಪತ್ರ ಅದು. ಅದಕ್ಕೇ ನಮ್ಮ ಜನ ಅದನ್ನು 'ಜಾತಿ-ಆದಾಯ' ಎನ್ನುತ್ತಾರೆ, ಆ ಹೆಸರು ಸರಿಯಾಗಿಯೇ ಇದೆ. ಆದಾಯ ಬದಲಾಗಬಹುದು, ಹಾಗಾಗಿ ಅದಕ್ಕೆ ಐದು ವರ್ಷದ ಅವಧಿ. ಪರಿಶಿಷ್ಟ ಜಾತಿ, ಪಂಗಡದವರ ನಮೂನೆ-ಡಿ ಮತ್ತು ಪ್ರವರ್ಗ-1ರ ನಮೂನೆ-ಇ ಬರೀ ಜಾತಿ ಪತ್ರಗಳು. ಜಾತಿ ಬದಲಾಗುವುದಿಲ್ಲ, ಹಾಗಾಗಿ ಅವಕ್ಕೆ ಅವಧಿ ಮುಗಿಯುವ ಪ್ರಶ್ನೆ ಇಲ್ಲ. ಕೆಇಎ ನಡೆಸುವ ಸಿಇಟಿ ಸೀಟಿಗೆ ಈ ಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಕೊಟ್ಟರೆ ಆಯಿತು.

ಓಬಿಸಿ ಅನ್ನುವುದು ಕೇಂದ್ರ ಸರ್ಕಾರದ ಪಟ್ಟಿಯ ಹೆಸರು. ಪಟ್ಟಿಗಳು ಎರಡು ಯಾಕೆ ಎಂದು ತಿಳಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಲೆಕ್ಕ ಹಾಕುವ ಕೆಲಸ ಬೇಗ ಶುರುವಾಯಿತು. ಎಲ್. ಜಿ. ಹಾವನೂರು ಅವರ ಆಯೋಗ 1975ರಲ್ಲೇ ವರದಿ ಕೊಟ್ಟಿತು. ಆಮೇಲೆ ಬೇರೆ ಆಯೋಗಗಳು ಬಂದವು. ಇವತ್ತಿನ 1, 2ಎ, 2ಬಿ, 3ಎ, 3ಬಿ ವಿಂಗಡಣೆ 1994ರದ್ದು. ಕೇಂದ್ರದ ದಾರಿ ಬೇರೆ. ಮಂಡಲ್ ಆಯೋಗದ ವರದಿ 1980ರಲ್ಲಿ ಬಂತು, 1992ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 1993ರಲ್ಲಿ ಕೆನೆಪದರದ ನಿಯಮ, ಅಂದರೆ ಹಿಂದುಳಿದ ವರ್ಗದಲ್ಲೇ ಮುಂದುವರಿದ ಮನೆಗಳನ್ನು ಮೀಸಲಾತಿಯಿಂದ ಹೊರಗಿಡುವ ನಿಯಮ ಬಂತು. ಕೇಂದ್ರದ ಪಟ್ಟಿಯಲ್ಲಿ 2ಎ, 3ಬಿ ಎಂಬ ಭಾಗಗಳೇ ಇಲ್ಲ. ಅಲ್ಲಿ ಜಾತಿಯ ಹೆಸರು ಒಂದೋ ಇದೆ, ಇಲ್ಲವೋ ಇಲ್ಲ. ಇದ್ದರೆ ಎಲ್ಲರೂ ಶೇಕಡಾ 27 ಮೀಸಲಾತಿಯ ಒಂದೇ ಸಾಲಿನಲ್ಲಿ ನಿಲ್ಲಬೇಕು. ಪ್ರವರ್ಗ-1ರವರಿಗೆ ರಾಜ್ಯದಲ್ಲಿ ಆದಾಯ ಮಿತಿ ಇಲ್ಲ. ಕೇಂದ್ರದಲ್ಲಿ ಅವರಿಗೂ ಕೆನೆಪದರದ ನಿಯಮ ಅನ್ವಯಿಸುತ್ತದೆ.

ಬ್ಯಾಡಗಿ ಕಡೆಯ ಒಬ್ಬ ಹುಡುಗ ಎಂದುಕೊಳ್ಳೋಣ. ಕುರುಬ ಸಮುದಾಯ, ರಾಜ್ಯದಲ್ಲಿ 2ಎ, ಕೇಂದ್ರದ ಪಟ್ಟಿಯಲ್ಲೂ ಹೆಸರಿದೆ. 2023ರ ಜುಲೈನಲ್ಲಿ ಪಡೆದ ನಮೂನೆ-ಎಫ್ ಅವನ ಬಳಿ ಇದೆ, 2028ರ ಜುಲೈವರೆಗೆ ನಡೆಯುತ್ತದೆ. ಸಿಇಟಿಗೆ ಅದು ಸಾಕು. ಅವನು ಜೆಇಇ ಬರೆದು, ಐಐಟಿ ಧಾರವಾಡದ ಸೀಟಿಗೆ, ಐಐಟಿ ಎನ್‌ಐಟಿ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ನಲ್ಲಿ ಅದೇ ಪತ್ರ ಅಪ್‌ಲೋಡ್ ಮಾಡಿದರೆ ಎರಡು ಕಾರಣಕ್ಕೆ ತಿರಸ್ಕಾರವಾಗುತ್ತದೆ. ಒಂದು, ಅದು ರಾಜ್ಯದ ನಮೂನೆ. ಎರಡು, ತಾರೀಖು ಹಳೆಯದು. ಅಲ್ಲಿ ಬೇಕಾದದ್ದು ಓಬಿಸಿ-ಎನ್‌ಸಿಎಲ್, ಅಂದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರ. ಅದನ್ನು ಪ್ರವೇಶ ಪಡೆಯುವ ವರ್ಷದ ಏಪ್ರಿಲ್ 1ರಂದು ಅಥವಾ ಆಮೇಲೆ ಕೊಟ್ಟಿರಬೇಕು. ಮಾರ್ಚ್ 30ರ ಪತ್ರವೂ ನಡೆಯುವುದಿಲ್ಲ. ನೀಟ್‌ನ ಅಖಿಲ ಭಾರತ ಕೋಟಾಕ್ಕೆ ಬೇಕಾದದ್ದೂ ಕೇಂದ್ರದ ಪತ್ರವೇ.

ಎರಡೂ ಪತ್ರಕ್ಕೆ ಸಹಿ ಹಾಕುವವರು ತಹಶೀಲ್ದಾರರೇ, ಎರಡಕ್ಕೂ ಅರ್ಜಿ ಕೊಡುವುದು ನಾಡಕಚೇರಿಯಲ್ಲೇ. ಗೊಂದಲ ಹುಟ್ಟುವುದೂ ಇಲ್ಲೇ. ಕೌಂಟರ್‌ನಲ್ಲಿ ಸುಮ್ನೆ "ಕಾಸ್ಟ್ ಇನ್‌ಕಮ್ ಬೇಕ್ರಿ" ಎಂದರೆ ಅವರು ನಮೂನೆ-ಎಫ್ ಅರ್ಜಿಯನ್ನೇ ತುಂಬುತ್ತಾರೆ, ಅದು ಅವರ ತಪ್ಪಲ್ಲ. "ಕೇಂದ್ರದ ಓಬಿಸಿ" ಎಂದೇ ಕೇಳಬೇಕು. ಪತ್ರ ಕೈಗೆ ಬಂದಮೇಲೆ ಓದಿ ನೋಡಿ. 2ಎ ಅಥವಾ 3ಬಿ ಎಂಬ ಪ್ರವರ್ಗದ ಹೆಸರಿದ್ದರೆ ಅದು ರಾಜ್ಯದ್ದು. ಭಾರತ ಸರ್ಕಾರದ 8-9-1993ರ ಜ್ಞಾಪನದ ಉಲ್ಲೇಖವಿದ್ದರೆ ಅದು ಕೇಂದ್ರದ್ದು. ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಹಾಕಿ. ತಲಾಠಿ ವರದಿ, ಕಂದಾಯ ನಿರೀಕ್ಷಕರ ವರದಿ, ಆಮೇಲೆ ತಹಶೀಲ್ದಾರರು, ಇಷ್ಟಕ್ಕೆ ಕೆಲವು ವಾರ ಹಿಡಿಯುತ್ತದೆ. ಜೂನ್‌ಗೆ ಓಡಿದರೆ ಸಮಯ ಸಾಲುವುದಿಲ್ಲ.

ಆದಾಯದ ಲೆಕ್ಕವೂ ಬೇರೆ. ಎರಡೂ ಕಡೆ ಮಿತಿ 8 ಲಕ್ಷ, ಹಾಗಾಗಿ ಎರಡೂ ಒಂದೇ ಎಂದು ಜನ ತಿಳಿಯುತ್ತಾರೆ. ಆ ಹುಡುಗನ ತಂದೆ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ, ತಾಯಿ ಪ್ರಾಥಮಿಕ ಶಾಲೆ ಟೀಚರ್ ಎಂದಿಟ್ಟುಕೊಳ್ಳಿ. ಇಬ್ಬರೂ ಸಿ ಗುಂಪಿನ ನೌಕರರು. ಸಂಬಳ ಒಟ್ಟು 10 ಲಕ್ಷ. ರಾಜ್ಯದಲ್ಲಿ ಸಂಬಳ ಲೆಕ್ಕಕ್ಕೆ ಬರುತ್ತದೆ, 2ಎ ಪತ್ರ ಸಿಗುವುದಿಲ್ಲ. ಕೇಂದ್ರದ ನಿಯಮದಲ್ಲಿ 8 ಲಕ್ಷದ ಲೆಕ್ಕಕ್ಕೆ ಸಂಬಳವನ್ನೂ ಹೊಲದ ಆದಾಯವನ್ನೂ ಸೇರಿಸುವುದಿಲ್ಲ. ಸಂಬಳದವರಿಗೆ ಹುದ್ದೆಯ ದರ್ಜೆ ನೋಡುತ್ತಾರೆ. ಬೇರೆ ಆದಾಯ ಇಲ್ಲದಿದ್ದರೆ ಈ ಹುಡುಗ ಓಬಿಸಿ-ಎನ್‌ಸಿಎಲ್‌ಗೆ ಅರ್ಹ. "2ಎ ಸಿಗಲಿಲ್ಲ, ಓಬಿಸಿಯೂ ಸಿಗಲ್ಲ ಅಲ್ವಾ" ಎಂದು ಅರ್ಜಿಯನ್ನೇ ಹಾಕದ ಮನೆಗಳು ನಮ್ಮಲ್ಲಿ ಜಾಸ್ತಿ ಇವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಇದಕ್ಕೆ ಉಲ್ಟಾ ಆಗುವುದು ಲಿಂಗಾಯತ ಮನೆಗಳಲ್ಲಿ. ವೀರಶೈವ ಲಿಂಗಾಯತರು ರಾಜ್ಯದಲ್ಲಿ 3ಬಿ. ಕೇಂದ್ರದ ಪಟ್ಟಿಯಲ್ಲಿ ಕೆಲವು ಒಳಪಂಗಡಗಳು ಇವೆ, ಲಿಂಗಾಯತ ಎಂಬ ಹೆಸರು ಮಾತ್ರ ಇಲ್ಲ. 3ಬಿ ಇದೆ ಎಂದು ಜೆಇಇ ಅರ್ಜಿಯಲ್ಲಿ ಓಬಿಸಿ ಎಂದು ತುಂಬಿದರೆ ಪತ್ರ ಪರಿಶೀಲನೆಯ ದಿನ ಓಬಿಸಿ ಸೀಟು ಹೋಗುತ್ತದೆ. ಅಂಥವರು ನೋಡಬೇಕಾದದ್ದು ಇಡಬ್ಲ್ಯೂಎಸ್, ಅಂದರೆ ಬೇರೆ ಮೀಸಲಾತಿ ಇಲ್ಲದ, ಆರ್ಥಿಕವಾಗಿ ಹಿಂದುಳಿದವರ ಕೋಟಾ. ಅದಕ್ಕೂ ಏಪ್ರಿಲ್ 1ರ ನಿಯಮವೇ. ಆದರೆ ಅಲ್ಲಿ ಸಂಬಳ, ಹೊಲ ಎಲ್ಲ ಸೇರಿ 8 ಲಕ್ಷದೊಳಗಿರಬೇಕು, ಕೃಷಿ ಜಮೀನು 5 ಎಕರೆ ಮುಟ್ಟಬಾರದು. ಗದಗಿನ ಒಣ ಬೇಸಾಯದ ಎಂಟೆಕರೆ ಎರಿ ಹೊಲದಿಂದ ಎಷ್ಟು ಬರುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ನಿಯಮ ಅದನ್ನು ನೋಡುವುದಿಲ್ಲ.

ಇನ್ನೊಂದು ತೊಡಕು ಶಾಲೆ ದಾಖಲೆಯದ್ದು. ಗಾಣಿಗರು ರಾಜ್ಯದಲ್ಲಿ 2ಎ, ಕೇಂದ್ರದ ಪಟ್ಟಿಯಲ್ಲೂ ಇದ್ದಾರೆ. ಆದರೆ ಒಂದನೇ ತರಗತಿಗೆ ಸೇರಿಸುವಾಗ ಎಷ್ಟೋ ಮನೆಯವರು "ಹಿಂದೂ ಲಿಂಗಾಯತ" ಎಂದಷ್ಟೇ ಬರೆಸಿರುತ್ತಾರೆ. ತಲಾಠಿ ಆ ದಾಖಲೆ ನೋಡಿ 2ಎ ಕೊಡಲು ಒಪ್ಪುವುದಿಲ್ಲ. ತಂದೆಯ, ಅಜ್ಜನ ಶಾಲೆ ದಾಖಲೆಯಲ್ಲಿ ಗಾಣಿಗ ಎಂದಿದ್ದರೆ ಅದರ ನಕಲು ತೆಗೆಸಿ ಜೊತೆಗೆ ಕೊಡಬೇಕು. ಈ ಓಡಾಟ ಪಿಯುಸಿ ಮೊದಲ ವರ್ಷದಲ್ಲೇ ಶುರು ಮಾಡಿ.

ವಾಸಸ್ಥಳ ಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಇಟಿಗೆ ಸಾಮಾನ್ಯವಾಗಿ ಕೇಳುವುದು ಏಳು ವರ್ಷ ಕರ್ನಾಟಕದಲ್ಲಿ ಓದಿದ ವ್ಯಾಸಂಗ ಪತ್ರ, ಬಿಇಒ ಮೇಲುಸಹಿಯೊಂದಿಗೆ. ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ. ಕರ್ನಾಟಕದವರು ಯಾರು ಎಂದು ಅವರು ತೀರ್ಮಾನಿಸುವುದು ಹನ್ನೆರಡನೇ ತರಗತಿ ಎಲ್ಲಿ ಪಾಸಾಯಿತು ಎಂಬುದರ ಮೇಲೆ. ಹೈದರಾಬಾದ್‌ನಲ್ಲಿ ಪಿಯುಸಿ ಮುಗಿಸಿದ ಹುಬ್ಬಳ್ಳಿ ಹುಡುಗಿ ಅಲ್ಲಿ ತೆಲಂಗಾಣದವಳೇ, ತಹಶೀಲ್ದಾರರ ವಾಸಸ್ಥಳ ಪತ್ರ ಕೈಯಲ್ಲಿದ್ದರೂ.