ತ್ರಿಪದಿಯ ಮೂರನೆಯ ಸಾಲು: ಹದಿಮೂರು ಮಾತ್ರೆಯಲ್ಲಿ ಒಂದು ಚಿತ್ರ

ತ್ರಿಪದಿ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಮೊದಲ ಸಾಲು ಚೆನ್ನಾಗಿ ಬರುತ್ತದೆ, ಎರಡನೆಯದು ಹೇಗೋ ಬರುತ್ತದೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ. ಆಗ ಒಂದು ನೀತಿ ಮಾತು ಹಾಕಿ ಮುಗಿಸುತ್ತಾರೆ. ಈ ಟಿಪ್ಪಣಿಯಲ್ಲಿ ಉಲ್ಟಾ ದಾರಿ ಹಿಡಿಯೋಣ. ಕೊನೆಯ ಸಾಲನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಹೋಗೋಣ.

ಮೊದಲು ಅಳತೆ. ತ್ರಿಪದಿಯಲ್ಲಿ ಒಟ್ಟು 11 ಗಣ. ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಇವುಗಳಲ್ಲಿ 6ನೆಯದು ಮತ್ತು 10ನೆಯದು ಎರಡು ಅಂಶದ ಬ್ರಹ್ಮಗಣ, ಉಳಿದ ಒಂಬತ್ತೂ ಮೂರು ಅಂಶದ ವಿಷ್ಣುಗಣ. ಇದು ಹಳೆಯ ಅಂಶಗಣದ ಲೆಕ್ಕ. ಅದರಲ್ಲಿ ಗಣಗಳು ಸ್ವಲ್ಪ ಹಿಗ್ಗುತ್ತವೆ, ಕುಗ್ಗುತ್ತವೆ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ‘ಮಾಧವನೀತನ್ ಪೆರನಲ್ಲ’ ಎಂಬ ಸಾಲಿದೆ. ಅದನ್ನು ಮಾಧವ | ನೀತನ್ | ಪೆರನಲ್ಲ ಎಂದು ಒಡೆದರೆ 4, 4, 5 ಮಾತ್ರೆ ಸಿಗುತ್ತದೆ. ಗಣ ಸರಿ, ಮಾತ್ರೆ ಮಾತ್ರ ಒಂದೇ ಸಮ ಇಲ್ಲ. ಮುಂದೆ ತ್ರಿಪದಿ ಮಾತ್ರೆಯ ಲೆಕ್ಕಕ್ಕೆ ಹೊರಳಿದಾಗ ವಿಷ್ಣುಗಣದ ಜಾಗಕ್ಕೆ ಐದು ಮಾತ್ರೆ, ಬ್ರಹ್ಮಗಣದ ಜಾಗಕ್ಕೆ ಮೂರು ಮಾತ್ರೆ ಬಂತು. ಕಲಿಯುವವರಿಗೆ ಇದೇ ಸುಲಭ:

5 + 5 + 5 + 5
5 + 3 + 5 + 5
5 + 3 + 5

ಮಾತ್ರೆ ಎಣಿಸುವುದು ನಿಮಗೆ ಗೊತ್ತೇ ಇದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಸೊನ್ನೆ ಇದ್ದರೆ ಎರಡು, ಮುಂದೆ ಒತ್ತಕ್ಷರ ಬಂದರೆ ಹಿಂದಿನ ಅಕ್ಷರಕ್ಕೆ ಎರಡು.

ಈಗ ಈ ಅಳತೆಯನ್ನು ಸುಮ್ನೆ ಒಮ್ಮೆ ನೋಡಿ. ಸಾಲುಗಳು 20, 18, 13 ಎಂದು ಇಳಿಯುತ್ತವೆ. ಕೊನೆಯ ಸಾಲು ಬೇಗ ಮುಗಿಯುತ್ತದೆ, ನಡುವೆ ಮೂರು ಮಾತ್ರೆಯ ಒಂದು ಪುಟ್ಟ ಹೆಜ್ಜೆ ಬೇರೆ. ಅಷ್ಟು ಜಾಗದಲ್ಲಿ ವಿವರಣೆ ಕೊಡಲು ಆಗುವುದಿಲ್ಲ. ಒಂದು ವಸ್ತು ತೋರಿಸಬಹುದು, ಅದಕ್ಕೆ ಏನಾಗಿದೆ ಎಂದು ಹೇಳಬಹುದು, ಅಷ್ಟೇ. ತ್ರಿಪದಿ ಚಿತ್ರದಲ್ಲಿ ಮುಗಿದರೆ ಚೆಂದ ಎನ್ನುವುದಕ್ಕೆ ನನಗೆ ಕಾಣುವ ಕಾರಣ ಇದೇ. ಛಂದಸ್ಸೇ ಅಲ್ಲಿ ಮಾತನ್ನು ಕಡಿಮೆ ಮಾಡುತ್ತದೆ.

ಒಂದು ಪದ್ಯ ಕಟ್ಟೋಣ. ಮೊದಲು ಯೋಚನೆಯನ್ನು ಗದ್ಯದಲ್ಲಿ, ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ನಮ್ಮದು ಹೀಗಿರಲಿ: ಮನೆ ಬಿಟ್ಟು ಹೋದ ಮಗನನ್ನು ಇನ್ನು ನೆನೆಯುವುದಿಲ್ಲ ಎಂದು ಅವ್ವ ಹೇಳುತ್ತಾಳೆ, ಆದರೆ ಅವನಿಗಾಗಿ ಕಾಯುತ್ತಿದ್ದಾಳೆ. ಒಂದೇ ವಾಕ್ಯದಲ್ಲಿ ಬರೆಯಲು ಆಗದಿದ್ದರೆ ಆ ಯೋಚನೆ ತ್ರಿಪದಿಗೆ ಜಾಸ್ತಿ ದೊಡ್ಡದು. ಅದನ್ನು ಎರಡು ಪದ್ಯ ಮಾಡಿ.

ಈ ವಾಕ್ಯದಲ್ಲಿ ‘ಕಾಯುತ್ತಿದ್ದಾಳೆ’ ಎಂಬುದನ್ನು ಪದ್ಯದಲ್ಲಿ ಹೇಳಬಾರದು, ಕಾಣಿಸಬೇಕು. ಕಾಯುವವರ ಮನೆಯಲ್ಲಿ ಕಣ್ಣಿಗೆ ಏನು ಬೀಳುತ್ತದೆ? ಒಂದು ತಟ್ಟೆ ಜಾಸ್ತಿ ಇಟ್ಟಿರಬಹುದು, ದೀಪ ಉರಿಯುತ್ತಿರಬಹುದು, ಬಾಗಿಲು ತೆರೆದಿರಬಹುದು. ಬಾಗಿಲನ್ನು ಹಿಡಿದು ಎರಡು ಸಾಲು ಬರೆದು ನೋಡೋಣ:

ಬಾಗಿಲೇ | ತೆರೆದ | ಮನೆಯೊಂದು
ಬಾಗಿಲಿಗೆ | ಅಗಳಿ | ಹಾಕಿಲ್ಲ

ಎರಡೂ 5, 3, 5ಕ್ಕೆ ಸರಿಯಾಗಿ ಕೂರುತ್ತವೆ. ಆದರೆ ಎರಡೂ ಒಂದೇ ಅಲ್ಲ. ತೆರೆದ ಬಾಗಿಲು ಬೀದಿಗೆಲ್ಲ ಕಾಣುತ್ತದೆ. ನೆನೆಯುವುದಿಲ್ಲ ಎಂದು ಬಾಯಲ್ಲಿ ಹೇಳುವ ಅವ್ವ ಬಾಗಿಲು ಹಾರು ಹೊಡೆದು ಇಡುವವಳಲ್ಲ. ಬಾಗಿಲು ಮುಚ್ಚಿಯೇ ಇರುತ್ತಾಳೆ. ಅಗಳಿ ಮಾತ್ರ ಹಾಕಿರುವುದಿಲ್ಲ. ಅದು ಹೊರಗಿನವರಿಗೆ ಗೊತ್ತಾಗದು, ತಳ್ಳಿದವನಿಗೆ ಮಾತ್ರ ಗೊತ್ತು. ಅವಳು ಬಚ್ಚಿಟ್ಟದ್ದನ್ನು ಈ ಚಿತ್ರವೂ ಬಚ್ಚಿಟ್ಟಿದೆ, ಅಲ್ವಾ? ಚಿತ್ರ ಆರಿಸುವಾಗ ಚೆಂದ ಯಾವುದು ಎಂದು ಕೇಳಬೇಡಿ. ಪದ್ಯದ ಆ ವ್ಯಕ್ತಿ ನಿಜವಾಗಿ ಏನು ಮಾಡುತ್ತಾಳೆ ಎಂದು ಕೇಳಿ. ದೀಪವನ್ನು ನಾನು ಬಿಟ್ಟದ್ದೂ ಇದಕ್ಕೇ. ಕಾಯುವಿಕೆಗೆ ದೀಪ ಎಷ್ಟು ಸಲ ಬಂದಿದೆ ಎಂದರೆ, ಓದುವವರು ಅದನ್ನು ನೋಡುವುದನ್ನೇ ಬಿಟ್ಟಿದ್ದಾರೆ.

ಕೊನೆಯ ಸಾಲು ಸಿಕ್ಕಿತು. ಇನ್ನು ಪ್ರಾಸ. ತ್ರಿಪದಿಯಲ್ಲಿ ಮೂರು ಸಾಲಿನ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾದರೆ ಕಿವಿಗೆ ಹಿತ. ಇದೇ ಆದಿಪ್ರಾಸ. ನಮ್ಮ ಚಿತ್ರ ‘ಬಾಗಿಲು’ ಎಂದು ಶುರುವಾಗುವುದರಿಂದ ಪ್ರಾಸಾಕ್ಷರ ‘ಗ’ ಎಂದು ತಾನಾಗಿ ತೀರ್ಮಾನವಾಯಿತು. ಪ್ರಾಸ ಚಿತ್ರದಿಂದ ಹುಟ್ಟಬೇಕು. ಮೊದಲ ಸಾಲಿನ ಯಾವುದೋ ಪದಕ್ಕೆ ಪ್ರಾಸ ಹುಡುಕುತ್ತಾ ಹೋದರೆ ಕೊನೆಯಲ್ಲಿ ಬಾಗಿಲಿಗೆ ಜಾಗವೇ ಸಿಗುವುದಿಲ್ಲ. ಇನ್ನೊಂದು ವಿಷಯ: ಮೊದಲ ಅಕ್ಷರ ಒಂದು ಸಾಲಿನಲ್ಲಿ ಗುರುವಾದರೆ ಎಲ್ಲ ಸಾಲಿನಲ್ಲೂ ಗುರುವೇ ಆಗಬೇಕು. ಹಾಗಾಗಿ ‘ಮಗ’, ‘ಹಗಲು’ ಇಲ್ಲಿ ಸಾಲಿನ ಮೊದಲಿಗೆ ಬರುವಂತಿಲ್ಲ, ‘ಗ’ ಇದ್ದರೂ ಮೊದಲ ಅಕ್ಷರ ಲಘು. ಹೋಗಿ, ಕೂಗಿ, ಸಾಗಿ, ಮಾಗಿ, ಈಗ, ಬೇಗ, ಜಾಗ ಇವು ಆಗುತ್ತವೆ. ಇಷ್ಟು ಪದ ಕಾಗದದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ‘ಹೋಗಿ’ ನಮ್ಮ ಕತೆಯದೇ ಪದ, ಹೋದವನು ಮಗ. ಮೊದಲ ಸಾಲು ಹೀಗೆ ಬಂತು:

ಹೋಗಿರುವ | ಮಗನನ್ನು | ನೆನೆಯೆನೆ | ನ್ನುವಳವ್ವ

‘ನೆನೆಯೆನೆನ್ನುವಳವ್ವ’ ಎಂಬ ಪದ ಎರಡು ಗಣಕ್ಕೆ ಹಂಚಿಹೋಗಿದೆ. ಅದು ತಪ್ಪಲ್ಲ. ಪದ ಮುಗಿಯುವ ಕಡೆಯೇ ಗಣ ಮುಗಿಯಬೇಕೆಂಬ ನಿಯಮವಿಲ್ಲ. ಎಲ್ಲ ಗಣವೂ ಪದದ ಜೊತೆಗೇ ಮುಗಿದರೆ ಸಾಲು ಕುಂಟಿದಂತೆ ಕೇಳುತ್ತದೆ.

ಈಗ ಕಷ್ಟದ ಸಾಲು, ನಡುವಿನದು. ಇದರ ಕೆಲಸ ಅವ್ವನ ಮಾತಿನಿಂದ ಬಾಗಿಲಿನವರೆಗೆ ನಮ್ಮನ್ನು ಕರೆದುಕೊಂಡು ಹೋಗುವುದು. ಪದಗಳ ಪಟ್ಟಿಯಲ್ಲಿ ‘ಮಾಗಿ’ ಇದೆ. ಮಾಗಿಯ ಚಳಿ ಬಂದರೆ ಬಾಗಿಲು ಭದ್ರ ಮಾಡಲು ಒಂದು ಕಾರಣವೂ ಬಂತು. ಎರಡು ರೀತಿ ಬರೆದು ನೋಡೋಣ:

ಮಾಗಿಯಾ | ಮಂಜು | ಬಯಲೆಲ್ಲ | ಹಾಸಿತ್ತು
ಮಾಗಿಯಾ | ಚಳಿಗೆ | ಊರೆಲ್ಲ | ಮಲಗಿರಲು

ಮೊದಲನೆಯದು ಕಿವಿಗೆ ಚೆನ್ನಾಗಿದೆ, ಲೆಕ್ಕವೂ ಸರಿ. ಆದರೂ ಅದು ಬೇಡ. ‘ಹಾಸಿತ್ತು’ ಎಂದ ಕೂಡಲೇ ವಾಕ್ಯ ಮುಗಿಯಿತು. ಅಲ್ಲಿಗೆ ಒಂದು ಚಿತ್ರ ಬಂದುಹೋಯಿತು, ಆಮೇಲೆ ಬರುವ ಬಾಗಿಲು ಇನ್ನೊಂದು ಚಿತ್ರವಾಗುತ್ತದೆ. ಎರಡೂ ಒಂದನ್ನೊಂದು ತಳ್ಳುತ್ತವೆ. ‘ಮಲಗಿರಲು’ ಎಂದರೆ ಮಾತು ಮುಗಿಯುವುದಿಲ್ಲ. ಮಲಗಿರಲು ಏನಾಯಿತು ಎಂದು ಕಿವಿ ಮುಂದಕ್ಕೆ ಬಾಗುತ್ತದೆ. ನಡುವಿನ ಸಾಲಿನ ಕೊನೆಗೆ ‘ಅಲು’, ‘ಅರೆ’, ‘ಅದೆ’, ‘ಆಗ’ ಇಂಥ ಅಪೂರ್ಣ ರೂಪ ಇರಲಿ, ಪೂರ್ಣ ಕ್ರಿಯಾಪದವನ್ನು ಮೂರನೆಯ ಸಾಲಿಗೆ ಉಳಿಸಿ. ಒಂದು ಯೋಚನೆ ಮೂರು ಸಾಲಿಗೂ ಒಂದೇ ಎಳೆಯಾಗಿ ಹರಿಯುವುದು ಇದರಿಂದ.

‘ಮಾಗಿಯಾ’ ಎಂದು ಯಾಕೆ ಎಳೆದೆ? ‘ಮಾಗಿಯ’ ಎಂದರೆ ನಾಲ್ಕೇ ಮಾತ್ರೆ. ಅಂಶದ ಲೆಕ್ಕದಲ್ಲಿ ಅದೂ ವಿಷ್ಣುಗಣವೇ. ಐದು ಮಾತ್ರೆಯ ಲೆಕ್ಕದಲ್ಲಿ ಒಂದು ಕಡಿಮೆ. ಹಾಡುವ ಪದಗಳಲ್ಲಿ ಹೀಗೆ ಸ್ವರ ಎಳೆಯುವುದು ಸಹಜ. ಆದರೆ ಒಂದು ಪದ್ಯದಲ್ಲಿ ಒಂದು ಕಡೆಗಿಂತ ಜಾಸ್ತಿ ಎಳೆಯಬೇಡಿ.

ಪದ್ಯ ಪೂರ್ತಿ ಹೀಗಾಯಿತು:

ಹೋಗಿರುವ ಮಗನನ್ನು ನೆನೆಯೆನೆನ್ನುವಳವ್ವ
ಮಾಗಿಯಾ ಚಳಿಗೆ ಊರೆಲ್ಲ ಮಲಗಿರಲು
ಬಾಗಿಲಿಗೆ ಅಗಳಿ ಹಾಕಿಲ್ಲ

ಗದ್ಯದಲ್ಲಿದ್ದ ‘ಆದರೆ’ ಎಲ್ಲಿ ಹೋಯಿತು ನೋಡಿ. ಮೊದಲ ಸಾಲು ಮತ್ತು ಎರಡನೆಯ ಸಾಲಿನ ನಡುವಿನ ಖಾಲಿ ಜಾಗದಲ್ಲಿದೆ. ಅದನ್ನು ಓದುವವರು ತಾವೇ ಹಾಕಿಕೊಳ್ಳುತ್ತಾರೆ. ‘ಕಾಯುತ್ತಿದ್ದಾಳೆ’ ಕೂಡ ಎಲ್ಲೂ ಇಲ್ಲ. ಇದನ್ನೇ ಹೇಳಿ ಮುಗಿಸಿದ್ದರೆ ಹೇಗಿರುತ್ತಿತ್ತು?

ನೀಗದಾ | ನೋವು | ತಾಯಿಯದು

ಮಾತ್ರೆ ಸರಿ, ಪ್ರಾಸ ಸರಿ, ಅರ್ಥವೂ ಸುಳ್ಳಲ್ಲ. ಆದರೆ ಈ ಸಾಲು ಯಾವ ತಾಯಿಗೂ ಹೊಂದುತ್ತದೆ, ಯಾವ ನೋವಿಗೂ ಹೊಂದುತ್ತದೆ. ನಿಮ್ಮ ಮೂರನೆಯ ಸಾಲನ್ನು ಹೀಗೇ ಪರೀಕ್ಷಿಸಿ. ಅದನ್ನು ಕಿತ್ತು ಬೇರೆ ವಿಷಯದ ಪದ್ಯಕ್ಕೆ ಅಂಟಿಸಿ. ಅಲ್ಲಿಯೂ ಕೂರುತ್ತದೆ ಎಂದಾದರೆ ಅದು ಚಿತ್ರವಲ್ಲ, ತೀರ್ಪು. ಅಳಿಸಿಬಿಡಿ.

ಇನ್ನೊಂದು ಪರೀಕ್ಷೆ ಬಾಯಿಂದ ಮಾಡುವುದು. ಜನಪದರು ತ್ರಿಪದಿ ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಹಾಡಿ ಆಮೇಲೆ ಮೂರನೆಯದಕ್ಕೆ ಬರುವ ರೂಢಿ ಇದೆ. ನೀವೂ ಹಾಗೇ ಮಾಡಿ. ನಡುವಿನ ಸಾಲನ್ನು ಎರಡು ಸಲ ಹೇಳಿದಾಗ ಬೇಸರ ಬಂದರೆ ಅದು ಬರೀ ತುಂಬಿಸಿದ ಸಾಲು. ಎರಡನೆಯ ಸಲ ಹೇಳುವಾಗ ಮುಂದಿನದಕ್ಕೆ ಕಾತರ ಹೆಚ್ಚಿದರೆ ಸಾಲು ಗಟ್ಟಿ. ‘ಊರೆಲ್ಲ ಮಲಗಿರಲು’ ಎರಡು ಸಲ ಬಂದಾಗ ಎಚ್ಚರವಿರುವವರು ಯಾರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಹಾಡಿದಾಗ ಸುಳ್ಳು ಪದಗಳೂ ಸಿಕ್ಕಿಬೀಳುತ್ತವೆ. ‘ತಾನು’, ‘ನೋಡು’, ‘ಅಂದು’ ಇಂಥವು ಮೂರು ಮಾತ್ರೆಯ ಜಾಗಕ್ಕೆ ಸುಲಭವಾಗಿ ಕೂರುತ್ತವೆ, ಬ್ರಹ್ಮಗಣದ ಜಾಗದಲ್ಲಿ ಅವೇ ಹೆಚ್ಚು ಕಾಣಿಸಿಕೊಳ್ಳುವುದು. ಅಲ್ಲಿ ‘ಚಳಿಗೆ’, ‘ಅಗಳಿ’ ತರಹದ ತೂಕದ ಪದ ಇಟ್ಟರೆ ಆ ಪುಟ್ಟ ಹೆಜ್ಜೆಯೇ ಸಾಲಿನ ನಡು ಗಟ್ಟಿ ಮಾಡುತ್ತದೆ.

ಕೊನೆಗೆ ಅಂಕಿತದ ಮಾತು. ಸರ್ವಜ್ಞನ ವಚನಗಳು ‘ಸರ್ವಜ್ಞ’ ಎಂದು ಮುಗಿಯುವುದನ್ನು ನೋಡಿ ಹಲವರು ತಮ್ಮ ಹೆಸರನ್ನೂ ಕೊನೆಗೆ ಇಡಲು ಹೋಗುತ್ತಾರೆ. ‘ಸರ್ವಜ್ಞ’ ಸರಿಯಾಗಿ ಐದು ಮಾತ್ರೆ, ಕೊನೆಯ ಗಣ ಪೂರ್ತಿ ಅದಕ್ಕೇ ಹೋಗುತ್ತದೆ. ಅಲ್ಲಿಗೆ ಮೂರನೆಯ ಸಾಲಿನಲ್ಲಿ ಉಳಿಯುವುದು ಎಂಟೇ ಮಾತ್ರೆ. ಹೇಳಿಕೆಯ ಪದ್ಯಕ್ಕೆ ಅದು ಸಾಕು, ಏಕೆಂದರೆ ಅಲ್ಲಿ ಮಾತು ಎರಡು ಸಾಲಿನಲ್ಲೇ ಬಹುಪಾಲು ಮುಗಿದಿರುತ್ತದೆ. ಚಿತ್ರದಲ್ಲಿ ಮುಗಿಯಬೇಕಾದ ಪದ್ಯಕ್ಕೆ ಸಾಲದು. ನಮ್ಮ ಪದ್ಯದಲ್ಲಿ ಅಂಕಿತ ಹಾಕಿದರೆ ‘ಬಾಗಿಲಿಗೆ ಅಗಳಿ’ ಎಂಬಲ್ಲಿಗೆ ನಿಲ್ಲಬೇಕು, ಹಾಕಿದೆಯೋ ಇಲ್ಲವೋ ಹೇಳಲು ಜಾಗವೇ ಇರುವುದಿಲ್ಲ. ಹಾಗಾಗಿ ಈ ಬಗೆಯ ತ್ರಿಪದಿಗೆ ಅಂಕಿತ ಇಡಬೇಡಿ, ಹದಿಮೂರು ಮಾತ್ರೆಯನ್ನೂ ಚಿತ್ರಕ್ಕೇ ಕೊಡಿ.